ಒಂದೇ ಫಂಡು, ಮೂರು ಅಂಕ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಚಿಕ್ಕಪ್ಪ ಮೇಷ್ಟರಾಗಿದ್ದು ನಿವೃತ್ತರಾದವರು. ಕಳೆದ ತಿಂಗಳು ಫೋನ್ ಮಾಡಿ, "ಮೂರು ಮ್ಯೂಚುವಲ್ ಫಂಡಿನ ಫ್ಯಾಕ್ಟ್‌ಶೀಟ್ ಇಟ್ಕೊಂಡು ಕೂತಿದ್ದೀನಿ ಕಣೋ. ಶಾರ್ಪ್ ಅಂತಿದೆ, ಬೀಟಾ ಅಂತಿದೆ, ಆಲ್ಫಾ ಅಂತಿದೆ. ಒಂದರಲ್ಲಿ ಫಸ್ಟ್ ಬಂದದ್ದು ಇನ್ನೊಂದರಲ್ಲಿ ಲಾಸ್ಟ್. ಯಾವ ಮೇಷ್ಟ್ರು ಹಾಕಿದ ಮಾರ್ಕ್ಸ್ ನಂಬಲಿ?" ಅಂದರು.

ಪ್ರಶ್ನೆ ಸರಿಯಾಗೇ ಇತ್ತು. ಇವತ್ತು ಅದೇ ಲೆಕ್ಕವನ್ನು ನಿಮ್ಮ ಜೊತೆ ಮಾಡೋಣ. ಒಂದು ಪೆನ್ನು, ಒಂದು ಹಾಳೆ ಹತ್ತಿರ ಇದ್ದರೆ ಒಳ್ಳೆಯದು. ಫಂಡುಗಳ ಹೆಸರು ಹೇಳುವುದಿಲ್ಲ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ದುಂಡಗೆ ಮಾಡಿಕೊಂಡಿದ್ದೇನೆ.

ಮೊದಲು ಎರಡು ಅಳತೆಗೋಲು ಬರೆದುಕೊಳ್ಳಿ. ಸರ್ಕಾರದ ಟ್ರೆಷರಿ ಬಿಲ್ಲಿನಲ್ಲಿ ದುಡ್ಡಿಟ್ಟರೆ ವರ್ಷಕ್ಕೆ ಶೇಕಡಾ 6 ಸಿಗುತ್ತದೆ ಅಂದುಕೊಳ್ಳಿ. ಇದರಲ್ಲಿ ಗಂಡಾಂತರ ಇಲ್ಲ. ಷೇರುಪೇಟೆಯ ಸೂಚ್ಯಂಕ ಸರಾಸರಿ ಶೇಕಡಾ 12 ಕೊಟ್ಟಿದೆ, ಅದರ ಏರಿಳಿತ 15. ಈ ಏರಿಳಿತವನ್ನೇ ಫ್ಯಾಕ್ಟ್‌ಶೀಟಿನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಅಂತ ಬರೆದಿರುತ್ತಾರೆ. ಸರಾಸರಿಯಿಂದ ಆಚೆ ಈಚೆ ಎಷ್ಟು ತೂಗಾಡುತ್ತದೆ ಅನ್ನುವ ಲೆಕ್ಕ ಅದು.

ಈಗ ಫಂಡುಗಳು. ಮೊದಲನೆಯದು ದೊಡ್ಡ ಕಂಪನಿಗಳ ಫಂಡು. ಗಳಿಕೆ 13, ಏರಿಳಿತ 16, ಬೀಟಾ 1. ಎರಡನೆಯದು ಬರೀ ಔಷಧ ಕಂಪನಿಗಳ ಫಂಡು. ಗಳಿಕೆ 14, ಏರಿಳಿತ 22, ಬೀಟಾ 0.8. ಮೂರನೆಯದು ಅರ್ಧ ಷೇರು, ಅರ್ಧ ಸಾಲಪತ್ರ ಇರುವ ಫಂಡು. ಗಳಿಕೆ 10, ಏರಿಳಿತ 8, ಬೀಟಾ 0.5.

ಬೀಟಾ ಅಂದರೆ ಇಷ್ಟೇ. ಸೂಚ್ಯಂಕ ಶೇಕಡಾ 10 ಏರಿದಾಗ ಔಷಧ ಫಂಡು ಸರಾಸರಿ 8 ಏರುತ್ತದೆ, 10 ಬಿದ್ದಾಗ 8 ಬೀಳುತ್ತದೆ. ಪೇಟೆ ಎಳೆದಾಗ ಫಂಡು ಎಷ್ಟು ಜಗ್ಗುತ್ತದೆ ಅನ್ನುವ ಅಂಕಿ ಅದು.

ಬರೀ ಗಳಿಕೆ ನೋಡಿದರೆ ಔಷಧ ಫಂಡೇ ಫಸ್ಟ್. ಚಿಕ್ಕಪ್ಪನ ಕಣ್ಣು ಬಿದ್ದದ್ದೂ ಅದರ ಮೇಲೇ. ಆದರೆ ಆ 14ರಲ್ಲಿ 6 ಪರ್ಸೆಂಟ್ ಸುಮ್ನೆ ಕೂತವನಿಗೂ ಸಿಗುತ್ತಿತ್ತು, ಅಲ್ವಾ? ಹಾಗಾಗಿ ಪ್ರತಿ ಫಂಡಿನ ಗಳಿಕೆಯಿಂದಲೂ 6 ಕಳೆಯಿರಿ. ಉಳಿಯುವುದು ಕ್ರಮವಾಗಿ 7, 8 ಮತ್ತು 4. ಸೂಚ್ಯಂಕಕ್ಕೆ 6. ಗಂಡಾಂತರ ಹೊತ್ತದ್ದಕ್ಕೆ ಸಿಕ್ಕ ಕೂಲಿ ಇದು. ಕೂಲಿ ಗೊತ್ತಾಯಿತು, ಹೊತ್ತ ಭಾರ ಎಷ್ಟು?

ಅಮೆರಿಕದ ವಿಲಿಯಂ ಶಾರ್ಪ್ 1966ರಲ್ಲಿ ಹೇಳಿದ್ದು, ಭಾರ ಅಂದರೆ ಫಂಡಿನ ಪೂರ್ತಿ ಏರಿಳಿತ. ಕೂಲಿಯನ್ನು ಏರಿಳಿತದಿಂದ ಭಾಗಿಸಿ. ಆ ಅಳತೆಗೆ ಅವರು ತಮ್ಮ ಹೆಸರಿಟ್ಟಿರಲಿಲ್ಲ, ಏರಿಳಿತಕ್ಕೆ ಪ್ರತಿಫಲದ ಅನುಪಾತ ಅಂತ ಕರೆದಿದ್ದರು. ಜನ ಅದನ್ನು ಶಾರ್ಪ್ ಅನುಪಾತ ಮಾಡಿದರು. ನಮ್ಮ ಲೆಕ್ಕದಲ್ಲಿ ದೊಡ್ಡ ಕಂಪನಿ ಫಂಡಿಗೆ 7 ಭಾಗ 16, ಅಂದರೆ 0.44. ಔಷಧ ಫಂಡಿಗೆ 8 ಭಾಗ 22, ಅಂದರೆ 0.36. ಅರ್ಧ ಷೇರಿನ ಫಂಡಿಗೆ 4 ಭಾಗ 8, ಅಂದರೆ 0.50. ಸೂಚ್ಯಂಕಕ್ಕೆ 6 ಭಾಗ 15, ಅಂದರೆ 0.40.

ನೋಡಿದಿರಾ? ಗಳಿಕೆಯಲ್ಲಿ ಕೊನೆಗಿದ್ದದ್ದು ಇಲ್ಲಿ ಮೊದಲು ಬಂತು. ಔಷಧ ಫಂಡು ಸೂಚ್ಯಂಕಕ್ಕಿಂತಲೂ ಕೆಳಗೆ ಹೋಯಿತು.

ಇದಕ್ಕೆ ಒಂದು ವರ್ಷ ಮೊದಲು, 1965ರಲ್ಲಿ, ಜ್ಯಾಕ್ ಟ್ರೇನರ್ ಬೇರೆ ಮಾತು ಹೇಳಿದ್ದರು. ಕೂಲಿಯನ್ನು ಬೀಟಾದಿಂದ ಭಾಗಿಸಿ ಅಂತ. ಮಾಡಿ ನೋಡೋಣ. ದೊಡ್ಡ ಕಂಪನಿ ಫಂಡಿಗೆ 7 ಭಾಗ 1, ಅಂದರೆ 7. ಔಷಧ ಫಂಡಿಗೆ 8 ಭಾಗ 0.8, ಅಂದರೆ 10. ಅರ್ಧ ಷೇರಿನದಕ್ಕೆ 4 ಭಾಗ 0.5, ಅಂದರೆ 8. ಸೂಚ್ಯಂಕಕ್ಕೆ 6. ಈಗ ಔಷಧ ಫಂಡು ಎಲ್ಲರಿಗಿಂತ ಮುಂದೆ!

ಚಿಕ್ಕಪ್ಪ ತಲೆ ಕೆರೆದುಕೊಂಡದ್ದು ಇಲ್ಲೇ. ಒಂದೇ ಫಂಡು ಒಂದು ಅಳತೆಯಲ್ಲಿ ಸೂಚ್ಯಂಕಕ್ಕೆ ಸೋತಿದೆ, ಇನ್ನೊಂದರಲ್ಲಿ ಗೆದ್ದಿದೆ. ಯಾರೂ ಸುಳ್ಳು ಹೇಳುತ್ತಿಲ್ಲ. ವ್ಯತ್ಯಾಸ ಇರುವುದು ಭಾರದ ಒಳಗೆ.

ಔಷಧ ಫಂಡಿನ ಏರಿಳಿತವನ್ನು ಬಿಡಿಸಿ ನೋಡಿ. 22ರ ವರ್ಗ 484. ಇದರಲ್ಲಿ ಪೇಟೆಯಿಂದ ಬಂದ ಪಾಲೆಷ್ಟು? ಬೀಟಾ 0.8, ಪೇಟೆಯ ಏರಿಳಿತ 15, ಗುಣಿಸಿದರೆ 12. ಅದರ ವರ್ಗ 144. ಅಂದರೆ 484ರಲ್ಲಿ 144 ಮಾತ್ರ ಪೇಟೆಯದು, ನೂರಕ್ಕೆ ಸುಮಾರು 30 ಪಾಲು. ಈ 30ನ್ನು ಫ್ಯಾಕ್ಟ್‌ಶೀಟಿನಲ್ಲಿ ಆರ್-ಸ್ಕ್ವೇರ್ಡ್ 0.30 ಅಂತ ಹಾಕಿರುತ್ತಾರೆ. ಮಿಕ್ಕ 70 ಪಾಲು ಔಷಧ ಉದ್ಯಮದ್ದೇ ಸ್ವಂತ ತಲೆನೋವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಪಾಸಣೆಯಲ್ಲಿ ಕಾರ್ಖಾನೆಯೊಂದರ ತಪ್ಪು ಸಿಕ್ಕಿತು, ಅಲ್ಲಿ ಜೆನೆರಿಕ್ ಮಾತ್ರೆಗಳ ಬೆಲೆ ಬಿತ್ತು, ಇಂಥವು. ಶಾರ್ಪ್ ಈ 70 ಪಾಲನ್ನೂ ಭಾರಕ್ಕೆ ಸೇರಿಸುತ್ತಾರೆ. ಟ್ರೇನರ್ ಬಿಟ್ಟುಬಿಡುತ್ತಾರೆ. ಬೇರೆ ಬೇರೆ ಷೇರು ಇಟ್ಟುಕೊಂಡವನಿಗೆ ಅದು ತಾನಾಗಿ ಕರಗಿಹೋಗುತ್ತದೆ ಅನ್ನುವುದು ಅವರ ವಾದ.

ಹಾಗಾಗಿ ಯಾವ ಅಂಕ ನೋಡಬೇಕು ಅನ್ನುವುದು ಫಂಡಿನ ಮೇಲಲ್ಲ, ನಿಮ್ಮ ಮೇಲೆ ನಿಂತಿದೆ. ಇಡೀ ಉಳಿತಾಯ ಆ ಒಂದೇ ಫಂಡಿಗೆ ಹೋಗುವುದಾದರೆ ಶಾರ್ಪ್ ನೋಡಿ, ಏಕೆಂದರೆ ಎಫ್‌ಡಿಎ ಪೆಟ್ಟು ಪೂರ್ತಿ ನಿಮಗೇ ಬೀಳುತ್ತದೆ. ಹತ್ತು ಕಡೆ ಹಂಚಿದ ದುಡ್ಡಿನಲ್ಲಿ ಇದೊಂದು ಚೂರು ಅಂತಾದರೆ ಟ್ರೇನರ್ ಅಂಕಕ್ಕೆ ಅರ್ಥ ಇದೆ. ನನ್ನನ್ನು ಕೇಳಿದರೆ, ಆರ್-ಸ್ಕ್ವೇರ್ಡ್ ಇಷ್ಟು ಕಡಿಮೆ ಇದ್ದಾಗ ಬೀಟಾವನ್ನೇ ಪೂರ್ತಿ ನಂಬುವುದು ಕಷ್ಟ. ಪೇಟೆಗೂ ಫಂಡಿಗೂ ನಂಟೇ ಸಡಿಲವಾಗಿರುವಾಗ 0.8 ಅನ್ನುವುದು ಮುಂದಿನ ಮೂರು ವರ್ಷದಲ್ಲಿ 0.5 ಆದರೂ ಆಶ್ಚರ್ಯವಿಲ್ಲ.

ಇನ್ನು ಆಲ್ಫಾ. ಇದು ಮೈಕೆಲ್ ಜೆನ್ಸನ್ 1968ರಲ್ಲಿ ಕೊಟ್ಟದ್ದು. ಇಲ್ಲಿ ಭಾಗಾಕಾರ ಇಲ್ಲ, ಕಳೆಯುವ ಲೆಕ್ಕ. ಇಷ್ಟು ಬೀಟಾ ಹೊತ್ತವನಿಗೆ ಪೇಟೆ ಎಷ್ಟು ಕೂಲಿ ಕೊಡುತ್ತಿತ್ತು? ಔಷಧ ಫಂಡಿಗೆ 0.8 ಗುಣಿಸು 6, ಅಂದರೆ 4.8. ಸಿಕ್ಕದ್ದು 8. ಹೆಚ್ಚಿಗೆ ಬಂದದ್ದು 3.2. ಅದೇ ಆಲ್ಫಾ. ದೊಡ್ಡ ಕಂಪನಿ ಫಂಡಿಗೆ 7ರಲ್ಲಿ 6 ಕಳೆದರೆ 1. ಅರ್ಧ ಷೇರಿನದಕ್ಕೆ 4ರಲ್ಲಿ 3 ಕಳೆದರೆ 1.

ಕೊನೆಯ ಎರಡಕ್ಕೂ ಆಲ್ಫಾ 1. ಹಾಗಾದರೆ ಎರಡೂ ಸಮವಾ? ಅಲ್ಲ. ಒಂದು ಪೂರ್ತಿ ಬೀಟಾ ಹೊತ್ತು 1 ತಂದಿತು, ಇನ್ನೊಂದು ಅರ್ಧ ಹೊತ್ತು 1 ತಂದಿತು. ಆಲ್ಫಾವನ್ನು ಬೀಟಾದಿಂದ ಭಾಗಿಸಿದರೆ ಒಂದಕ್ಕೆ 1, ಇನ್ನೊಂದಕ್ಕೆ 2. ಅದಕ್ಕೆ ಪೇಟೆಯ 6 ಸೇರಿಸಿ. 7 ಮತ್ತು 8. ಅರೆ, ಇದು ಆಗಲೇ ಬಂದ ಟ್ರೇನರ್ ಅಂಕವೇ! ಆಲ್ಫಾ ಮತ್ತು ಟ್ರೇನರ್ ಒಂದೇ ಮನೆಯವರು. ಫಂಡು ಸೂಚ್ಯಂಕವನ್ನು ಗೆದ್ದಿತೇ ಅನ್ನುವುದರಲ್ಲಿ ಇಬ್ಬರಿಗೂ ಜಗಳವಿಲ್ಲ. ಫಂಡು ಫಂಡುಗಳ ನಡುವೆ ಯಾರು ಮುಂದೆ ಅನ್ನುವಾಗ ಬೇರೆ ಬೇರೆ ಹೇಳಬಹುದು. ಶಾರ್ಪ್ ಮಾತ್ರ ಬೇರೆ ಮನೆ.

ಆಲ್ಫಾದಲ್ಲಿ ಮೋಸಹೋಗುವ ದಾರಿ ಜಾಸ್ತಿ. ಯಾವ ಸೂಚ್ಯಂಕಕ್ಕೆ ಹೋಲಿಸಿದರು ಅನ್ನುವುದರ ಮೇಲೆ ಅದು ನಿಂತಿರುತ್ತದೆ. ಔಷಧ ಕಂಪನಿಗಳದೇ ಸೂಚ್ಯಂಕ ಅದೇ ಅವಧಿಯಲ್ಲಿ 15 ಕೊಟ್ಟಿದ್ದರೆ, 14 ತಂದ ಫಂಡ್ ಮ್ಯಾನೇಜರ್ ಏನು ಸಾಧಿಸಿದ ಹಾಗಾಯಿತು? ಮೊದಲು ನಮ್ಮಲ್ಲಿ ಇನ್ನೊಂದು ಜಾಣತನವೂ ನಡೆಯುತ್ತಿತ್ತು. ಫಂಡಿನ ಗಳಿಕೆಯಲ್ಲಿ ಡಿವಿಡೆಂಡ್ ಸೇರಿರುತ್ತಿತ್ತು, ಹೋಲಿಸುವ ಸೂಚ್ಯಂಕದಲ್ಲಿ ಇರುತ್ತಿರಲಿಲ್ಲ. ಬೆವರು ಹರಿಸದೆ ಒಂದಷ್ಟು ಆಲ್ಫಾ ಸಿಕ್ಕಿಬಿಡುತ್ತಿತ್ತು. 2018ರ ಫೆಬ್ರವರಿಯಿಂದ ಡಿವಿಡೆಂಡ್ ಸೇರಿದ ಸೂಚ್ಯಂಕಕ್ಕೇ ಹೋಲಿಸಬೇಕು ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಡ್ಡಾಯ ಮಾಡಿತು. ಅದರ ಹೆಸರಿನ ಮುಂದೆ ಟಿಆರ್‌ಐ ಅಂತ ಇರುತ್ತದೆ.

ಶಾರ್ಪ್ ಅಂಕಕ್ಕೂ ಒಂದು ಹುಳುಕಿದೆ. ಪೇಟೆ ಕೆಟ್ಟಾಗ ಅದು ತಲೆಕೆಳಗಾಗುತ್ತದೆ. ಎರಡು ಫಂಡು, ಎರಡೂ ಬರೀ 2 ಪರ್ಸೆಂಟ್ ಕೊಟ್ಟವು ಅಂದುಕೊಳ್ಳಿ. 6 ಕಳೆದರೆ ಮೈನಸ್ 4. ಒಂದರ ಏರಿಳಿತ 10, ಇನ್ನೊಂದರದು 20. ಅಂಕ ಮೈನಸ್ 0.4 ಮತ್ತು ಮೈನಸ್ 0.2. ಜಾಸ್ತಿ ತೂಗಾಡಿದ್ದೇ ಮೇಲೆ ಬಂತು! ಮೈನಸ್ ಶಾರ್ಪ್ ಕಂಡರೆ ಅದರಿಂದ ಸಾಲು ಹಚ್ಚಲು ಹೋಗಬೇಡಿ.

ಚಿಕ್ಕಪ್ಪ ಇಷ್ಟು ಕೇಳಿ, "ಸರಿ ಕಣೋ, ಆದ್ರೂ 3.2 ಆಲ್ಫಾ ಅಂದ್ರೆ ಮ್ಯಾನೇಜರ್ ಗಟ್ಟಿಗ ಅಂತ ತಾನೆ?" ಅಂದರು. ಗಟ್ಟಿಗನೋ, ಅದೃಷ್ಟವೋ, ಅದನ್ನೂ ಲೆಕ್ಕ ಹಾಕಬಹುದು. ಔಷಧ ಫಂಡಿನ ಸ್ವಂತ ಏರಿಳಿತದ ವರ್ಗ 484ರಲ್ಲಿ 144 ಹೋಗಿ 340. ಅದರ ವರ್ಗಮೂಲ ಸುಮಾರು 18.4. ಫ್ಯಾಕ್ಟ್‌ಶೀಟಿನವರು ಸಾಮಾನ್ಯವಾಗಿ ಮೂರು ವರ್ಷದ ತಿಂಗಳ ಅಂಕಿಗಳಿಂದ ಲೆಕ್ಕ ಮಾಡುತ್ತಾರೆ. 18.4ನ್ನು ಮೂರರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 10.6. ಅಂದರೆ ಆ 3.2ರ ಹಿಂದೆಮುಂದೆ 10.6 ಅಳತೆಯ ಮಂಜು ಕವಿದಿದೆ. ಆಲ್ಫಾ ನಿಜಕ್ಕೂ ಸೊನ್ನೆಯಾಗಿದ್ದರೂ ಇಷ್ಟು ಅಂಕ ಆರಾಮಾಗಿ ಬೀಳಬಹುದು. ಅದೃಷ್ಟ ಅಲ್ಲ ಅಂತ ಒಂದು ಮಟ್ಟಕ್ಕೆ ಧೈರ್ಯವಾಗಿ ಹೇಳಬೇಕಾದರೆ ಆಲ್ಫಾ ಮಂಜಿನ ಎರಡರಷ್ಟಾದರೂ ಇರಬೇಕು. ವರ್ಷ ಹೆಚ್ಚಿದಂತೆ ಮಂಜು ತೆಳುವಾಗುತ್ತದೆ, ಆದರೆ ವರ್ಷಗಳ ವರ್ಗಮೂಲದ ಲೆಕ್ಕದಲ್ಲಿ ಮಾತ್ರ. ಇದೇ ಓಟ ಮುಂದುವರಿದರೆ ಅದಕ್ಕೆ ಬೇಕಾದದ್ದು ಸುಮಾರು 132 ವರ್ಷ! ಅರ್ಧ ಷೇರಿನ ಫಂಡಿನದು ಸ್ವಂತ ಏರಿಳಿತ ಕಡಿಮೆ, ಅದಕ್ಕೂ 31 ವರ್ಷ ಬೇಕು.

ಜೆನ್ಸನ್ ಕೂಡ ತಮ್ಮ ಅಳತೆಯನ್ನು ಹೊಗಳಿಕೊಳ್ಳಲು ಬಳಸಲಿಲ್ಲ. 1945ರಿಂದ 1964ರವರೆಗಿನ ಅಮೆರಿಕದ 115 ಫಂಡುಗಳನ್ನು ಅಳೆದರು. ಖರ್ಚು ಕಳೆದ ಮೇಲೆ ಸರಾಸರಿ ಆಲ್ಫಾ ವರ್ಷಕ್ಕೆ ಮೈನಸ್ 1.1 ಪರ್ಸೆಂಟ್ ಬಂತು. ಖರ್ಚನ್ನು ವಾಪಸ್ ಸೇರಿಸಿದರೂ ಮೈನಸ್ 0.4.

"132 ವರ್ಷ ಯಾರಪ್ಪ ಕಾಯ್ತಾರೆ?" ಅಂತ ಚಿಕ್ಕಪ್ಪ ನಕ್ಕರು. ಫೋನ್ ಇಡುವ ಮುಂಚೆ ನಾನೇ ಒಂದು ಮಾತು ಕೇಳಿದೆ. "ಕೈಲಿರೋ ಹಾಳೇಲಿ ಫಂಡಿನ ಹೆಸರಿನ ಮುಂದೆ ರೆಗ್ಯುಲರ್ ಅಂತಿದ್ಯಾ, ಡೈರೆಕ್ಟ್ ಅಂತಿದ್ಯಾ ನೋಡಿ ಚಿಕ್ಕಪ್ಪ." ಎರಡರಲ್ಲೂ ಅದೇ ಷೇರು, ಅದೇ ಮ್ಯಾನೇಜರ್. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಪ್ರತಿ ವರ್ಷ ಕಳೆಯುತ್ತದೆ, ಅಷ್ಟು ಆಲ್ಫಾ ಕಡಿಮೆಯಾಗುತ್ತದೆ. ಅದನ್ನು ತಿಳಿಯಲು ಮಂಜು ಕರಗುವವರೆಗೆ ಕಾಯಬೇಕಿಲ್ಲ, ಖರ್ಚಿನ ಸಾಲಿನಲ್ಲೇ ಬರೆದಿರುತ್ತದೆ.

ಆ ಕಡೆ ಹಾಳೆ ತಿರುವುವ ಸದ್ದು ಕೇಳಿಸಿತು. "ಮೂರೂ ರೆಗ್ಯುಲರ್ ಕಣೋ" ಅಂದರು.

ನಮಸ್ಕಾರ.