ಎಲ್ಲ ರೋಗಿಗಳೂ ಒಂದೇ ತರಹ ಇದ್ದ ಲೇಖನ

ವೇದಿಕೆಯ ಮೇಲಿರುವ ಹಿರಿಯರೇ, ತುಮಕೂರಿನ ವೈದ್ಯ ಮಿತ್ರರೇ,

ಮುಂದಿನ ಸಾಲುಗಳಲ್ಲಿ ಕೂತಿರುವ ಪಿಜಿ ವಿದ್ಯಾರ್ಥಿಗಳು ಪ್ರಬಂಧಕ್ಕೆ ಮಾಸ್ಟರ್ ಚಾರ್ಟ್ ತುಂಬುತ್ತಿರುವ ಸಮಯ ಇದು. ಅದಕ್ಕೇ ನಾನು ಯೋಆಕಿಮ್ ಬೋಲ್ಟ್ ಅವರ ವಿಷಯ ಆರಿಸಿಕೊಂಡೆ.

ಬೋಲ್ಟ್ ಜರ್ಮನಿಯ ಹೆಸರಾಂತ ಅರಿವಳಿಕೆ ತಜ್ಞರು. ರಕ್ತದೊತ್ತಡ ಕುಸಿದವರಿಗೆ ಕೊಡುವ ಪಿಷ್ಟದ ದ್ರವ, ಅದೇ ನಾವು ಸ್ಟಾರ್ಚ್ ಎನ್ನುತ್ತೇವಲ್ಲ, ಅದು ಸುರಕ್ಷಿತ ಎಂದು ಲೇಖನದ ಮೇಲೆ ಲೇಖನ ಬರೆದವರು. 2009ರ ಕೊನೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ಬಗ್ಗೆ ಒಂದು ಲೇಖನ ಬಂತು. ಅದನ್ನು ಓದಿದವರು ಸಂಪಾದಕರಿಗೆ ಪತ್ರ ಬರೆದರು. ಅವರ ಕಣ್ಣಿಗೆ ಬಿದ್ದದ್ದು ಸರಾಸರಿ ಅಲ್ಲ, ಅದರ ಪಕ್ಕದ ಸ್ಟ್ಯಾಂಡರ್ಡ್ ಡೀವಿಯೇಷನ್. ಇಂಟರ್‌ಲ್ಯುಕಿನ್-6 ರೋಗಿಯಿಂದ ರೋಗಿಗೆ ವಿಪರೀತ ಏರುಪೇರಾಗುವ ವಸ್ತು. ಆ ಕೋಷ್ಟಕದಲ್ಲಿ ಮಾತ್ರ ಎಲ್ಲರದೂ ಹತ್ತಿರ ಹತ್ತಿರ ಇತ್ತು. ತಿಪಟೂರಿನ ತೋಟದಲ್ಲಿ ಕೆಡವಿದ ಕಾಯಿಗಳೆಲ್ಲ ಒಂದೇ ತೂಕ ತೂಗಿದವು ಎಂದರೆ ನೀವು ನಂಬುತ್ತೀರಾ? ಹಿಂದಿನ ಸಾಲಿನವರು ನಗುತ್ತಿದ್ದೀರಿ, ಸರಿ. ಆದರೆ ಲೇಖನವನ್ನು ಪರಿಶೀಲಿಸಿದ ವಿಮರ್ಶಕರು ನಂಬಿದ್ದರು.

ಮುಂದೆ ನಡೆದದ್ದು ಹಿಂತೆಗೆತದ ಮಾಮೂಲು ದಾರಿ. ಸಂಪಾದಕರು ಲೇಖಕರ ವಿವರಣೆ ಕೇಳುತ್ತಾರೆ, ಮೂಲ ದಾಖಲೆ ಕೇಳುತ್ತಾರೆ. ಸಮಾಧಾನವಾಗದಿದ್ದರೆ ಲೇಖಕರ ಸಂಸ್ಥೆಗೆ ತನಿಖೆ ನಡೆಸಿ ಎನ್ನುತ್ತಾರೆ, ಏಕೆಂದರೆ ಕೇಸ್ ಶೀಟ್ ತೆರೆಸುವ ಅಧಿಕಾರ ಪತ್ರಿಕೆಗಿಲ್ಲ. ತನಿಖೆ ಎಳೆದರೆ ಆ ಲೇಖನದ ಬಗ್ಗೆ ಎಚ್ಚರಿಕೆಯ ಸೂಚನೆ ಪ್ರಕಟಿಸಬಹುದು. ಇಲ್ಲಿ ತನಿಖೆಯಲ್ಲಿ ನೈತಿಕ ಸಮಿತಿಯ ಅನುಮತಿಯೂ ಸಿಗಲಿಲ್ಲ, ಫಲಿತಾಂಶಕ್ಕೆ ಆಧಾರವಾದ ಮೂಲ ದಾಖಲೆಯೂ ಸಿಗಲಿಲ್ಲ. 2010ರಲ್ಲಿ ಲೇಖನ ಹಿಂತೆಗೆದರು. ಮರುವರ್ಷ, ಅನುಮತಿಯಿಲ್ಲದೆ ನಡೆದವೆಂದು ಗೊತ್ತಾದ ಅವರ ಸುಮಾರು 90 ಲೇಖನಗಳ ಸರದಿ.

ಮೂಲ ದಾಖಲೆ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಮಾಸ್ಟರ್ ಚಾರ್ಟ್ ಯಾರು ಬೇಕಾದರೂ ತುಂಬಬಹುದು. ಅದರ ಹಿಂದೆ ಕೇಸ್ ಶೀಟ್, ಲ್ಯಾಬ್ ರಿಜಿಸ್ಟರ್ ಇರಬೇಕು.

ಹಾನಿ ಎಲ್ಲಿ ಆಯಿತು ನೋಡಿ. 2013ರಲ್ಲಿ ತೀವ್ರ ಅಸ್ವಸ್ಥ ರೋಗಿಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದವರು ಬೋಲ್ಟ್ ಅವರ 7 ಪ್ರಯೋಗಗಳನ್ನು ಬದಿಗಿಟ್ಟು ಲೆಕ್ಕ ಹಾಕಿದರು. ಸ್ಟಾರ್ಚ್ ಪಡೆದವರಲ್ಲಿ ಸಾವಿನ ಅಪಾಯ ಶೇ 9ರಷ್ಟು ಹೆಚ್ಚು, ಮೂತ್ರಪಿಂಡ ವೈಫಲ್ಯವೂ ಹೆಚ್ಚು. ಆ 7 ಸೇರಿಸಿದರೆ ಸಾವಿನ ಅಪಾಯ ಮಸುಕಾಗಿ ಅನುಮಾನದ ಗಡಿಯಲ್ಲಿ ನಿಲ್ಲುತ್ತಿತ್ತು. ಯುರೋಪ್ ಈ ದ್ರವದ ಮಾರಾಟ ತಡೆದದ್ದು 2022ರಲ್ಲಿ. ಐಸಿಯುನಲ್ಲಿ ಮಲಗಿದ್ದವರ ಮನೆಯವರಿಗೆ ಇದ್ಯಾವುದೂ ತಿಳಿದಿರಲಿಕ್ಕಿಲ್ಲ. ನನಗೆ ಸಂಕಟವಾಗುವುದು ಅಲ್ಲಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಚಿತ್ರ ತಿದ್ದುವುದರ ಬಗ್ಗೆ ವಿವರವಾಗಿ ಹೇಳಬೇಕಿತ್ತು, ಎರಡೇ ಮಾತು ಹೇಳುತ್ತೇನೆ. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 20,621 ಲೇಖನಗಳ ಚಿತ್ರಗಳನ್ನು ನೋಡಿದರು. ಶೇ 3.8ರಲ್ಲಿ ಒಂದೇ ಚಿತ್ರ ಬೇರೆ ಹೆಸರಲ್ಲಿ ಮತ್ತೆ ಬಂದಂಥ ದೋಷವಿತ್ತು. ಅದರಲ್ಲಿ ಅರ್ಧದಷ್ಟಾದರೂ ಉದ್ದೇಶಪೂರ್ವಕ ಎಂಬಂತಿದ್ದವು. ಇದನ್ನು ಹಿಡಿದದ್ದು ಬರಿಗಣ್ಣಿನಿಂದ.

ಹಿಂತೆಗೆದ ಲೇಖನ ಮಾಯವಾಗುವುದಿಲ್ಲ, ಮುದ್ರೆ ಹೊತ್ತು ಅಲ್ಲೇ ಇರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಿಂದೆಯೇ ಇಳಿಸಿಕೊಂಡ ಪ್ರತಿಗೆ ಮಾತ್ರ ಆ ಮುದ್ರೆ ಬೀಳುವುದಿಲ್ಲ. ಪ್ರಬಂಧ ಸಲ್ಲಿಸುವ ಮುಂಚೆ ಉಲ್ಲೇಖಪಟ್ಟಿಯ ಪ್ರತಿ ಲೇಖನವನ್ನೂ ಪಬ್‌ಮೆಡ್‌ನಲ್ಲಿ ಮತ್ತೊಮ್ಮೆ ತೆರೆಯಿರಿ. ಪ್ರಶ್ನೆಗಳಿದ್ದರೆ ಕೇಳಿ.