ಎಡಬಲ ಒಂದೇ ಅಳತೆಯ ಮುಖ

ಕೇಳುಗರಿಗೆ ನಮಸ್ಕಾರ.

ಎಡಬಲ ಒಂದೇ ಅಳತೆಯಲ್ಲಿರುವ ಮುಖ ಚೆಲುವಾಗಿ ಕಾಣುತ್ತದೆ. ಅಂಥ ಮುಖ ಒಳ್ಳೆಯ ಆರೋಗ್ಯದ ಗುರುತು. ಆರೋಗ್ಯವಂತ ಸಂಗಾತಿಯನ್ನು ಆರಿಸಿಕೊಂಡ ಪೂರ್ವಿಕರ ಮಕ್ಕಳೇ ಹೆಚ್ಚಾಗಿ ಬದುಕಿ ಉಳಿದದ್ದರಿಂದ ಆ ಅಭಿರುಚಿ ನಮಗೂ ಇಳಿದು ಬಂದಿದೆ. ಸೌಂದರ್ಯದ ಬಗೆಗಿನ ಲೇಖನಗಳಲ್ಲಿ ಈ ಮೂರು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಆದರೆ ಇವು ಮೂರು ಬೇರೆ ಬೇರೆ ಹೇಳಿಕೆಗಳು. ಮೊದಲನೆಯದಕ್ಕೆ ತಕ್ಕಮಟ್ಟಿನ ಪುರಾವೆ ಇದೆ. ಎರಡನೆಯದು ನಿಜವಾದರೆ ಮಾತ್ರ ಮೂರನೆಯದಕ್ಕೆ ನೆಲೆ. ಆದ್ದರಿಂದ ಇಂದು ಆ ಎರಡನೆಯ ಮಾತನ್ನೇ ಹಿಡಿದು ನೋಡೋಣ.

ಅದರ ಹಿಂದಿನ ತರ್ಕ ಸೊಗಸಾಗಿದೆ. ನಮ್ಮ ಎರಡು ಕಿವಿಗಳು, ಎರಡು ಮಣಿಕಟ್ಟುಗಳು ಒಂದೇ ವಂಶವಾಹಿಗಳ ಸೂಚನೆಯಂತೆ ಬೆಳೆಯುತ್ತವೆ. ಹಾಗಾಗಿ ಅವು ಸಮನಾಗಿರಬೇಕು. ಗರ್ಭದಲ್ಲೋ ಬಾಲ್ಯದಲ್ಲೋ ಸೋಂಕು ತಗುಲಿದರೆ, ಆಹಾರ ಸಾಲದೆ ಹೋದರೆ, ಬೆಳವಣಿಗೆ ಅಲ್ಲಲ್ಲಿ ತಪ್ಪುತ್ತದೆ. ಗಟ್ಟಿಮುಟ್ಟಾದ ದೇಹ ಆ ತಪ್ಪನ್ನು ಸರಿಪಡಿಸಿಕೊಳ್ಳುತ್ತದೆ. ಸರಿಪಡಿಸಲಾಗದ್ದು ಎಡಬಲಗಳ ಸಣ್ಣ ವ್ಯತ್ಯಾಸವಾಗಿ ಉಳಿಯುತ್ತದೆ. ಹೃದಯ ಎಡಕ್ಕಿರುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಅದು ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ ಕಡೆಗೆ ಇರುವ ವ್ಯತ್ಯಾಸ. ಕೆಲವರಲ್ಲಿ ಎಡ ದೊಡ್ಡದು, ಕೆಲವರಲ್ಲಿ ಬಲ ದೊಡ್ಡದು, ಹೀಗೆ ದಿಕ್ಕು ದೆಸೆಯಿಲ್ಲದೆ ಬರುವ ವ್ಯತ್ಯಾಸವೇ ಬೇಕಾದದ್ದು. ಅಮೆರಿಕದ ಜೀವವಿಜ್ಞಾನಿ ಲೀ ವ್ಯಾನ್ ವಾಲೆನ್ 1962ರಲ್ಲೇ ಈ ಬಗೆಗಳನ್ನು ವಿಂಗಡಿಸಿ ತೋರಿಸಿದ್ದರು.

ತೊಡಕು ಶುರುವಾಗುವುದು ಅಳೆಯಲು ಕೂತಾಗ. ಒಬ್ಬರ ಎರಡು ಮಣಿಕಟ್ಟುಗಳ ನಡುವಿನ ವ್ಯತ್ಯಾಸ ಒಂದೆರಡು ಮಿಲಿಮೀಟರ್ ಇದ್ದೀತು, ಎಷ್ಟೋ ಬಾರಿ ಅಷ್ಟೂ ಇರದು. ಅಳೆಯುವವರು ಕ್ಯಾಲಿಪರನ್ನು ಒಂದು ಕಡೆ ತುಸು ಬಿಗಿಯಾಗಿ ಒತ್ತಿದರೂ ಸಾಕು, ಅಷ್ಟೇ ವ್ಯತ್ಯಾಸ ಬಂದುಬಿಡುತ್ತದೆ. ಮುಖದ ಛಾಯಾಚಿತ್ರದಲ್ಲಿ ತಲೆ ಕೊಂಚ ತಿರುಗಿದ್ದರೆ, ಬೆಳಕು ಒಂದು ಬದಿಯಿಂದ ಬಿದ್ದಿದ್ದರೆ, ಇಲ್ಲದ ಓರೆ ಇದ್ದಂತೆ ಕಾಣುತ್ತದೆ. ಆದ್ದರಿಂದ ಎಚ್ಚರದ ಸಂಶೋಧಕರು ಮೊದಲ ಅಂಕಿಯನ್ನು ನೋಡದೆ ಎರಡನೆಯ ಬಾರಿ ಅಳೆಯುತ್ತಾರೆ. ಎರಡು ಅಳತೆಗಳ ನಡುವಿನ ತಪ್ಪಿಗಿಂತ ಎಡಬಲಗಳ ವ್ಯತ್ಯಾಸ ದೊಡ್ಡದಿದೆಯೇ ಎಂದು ಮೊದಲು ನೋಡಿಕೊಳ್ಳುತ್ತಾರೆ. ಈ ಹೆಜ್ಜೆಯನ್ನು ಬಿಟ್ಟ ಅಧ್ಯಯನವನ್ನು ನಾನು ನಂಬಲಾರೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಬೆಳವಣಿಗೆಯ ಏರುಪೇರು ಆಕಸ್ಮಿಕವಾದದ್ದು ಎಂದ ಮೇಲೆ, ತುಂಬಾ ಕಾಯಿಲೆ ಬಿದ್ದ ಮಗುವಿನಲ್ಲೂ ಎರಡು ಕಡೆಯ ತಪ್ಪುಗಳು ಅದೃಷ್ಟವಶಾತ್ ಒಂದೇ ಅಳತೆಯವಾಗಿ, ಕಿವಿಗಳು ಸಮನಾಗಿಯೇ ಉಳಿಯಬಹುದು. ಆರೋಗ್ಯವಾಗಿ ಬೆಳೆದ ಮಗುವಿನಲ್ಲಿ ಒಂದು ಕಿವಿ ತುಸು ದೊಡ್ಡದಾಗಬಹುದು. ಹತ್ತಾರು ಅಂಗಗಳನ್ನು ಅಳೆದು ಕೂಡಿಸಿದರೆ ಚಿತ್ರ ಸ್ವಲ್ಪ ತಿಳಿಯಾಗುತ್ತದೆ. ಆದರೆ ಎದುರಿಗೆ ಕುಳಿತ ಒಬ್ಬರ ಮುಖದಿಂದ ಅವರು ಬೆಳೆದ ಇತಿಹಾಸವನ್ನು ಓದಲು ಇದು ತೀರಾ ದುರ್ಬಲ ಸಾಧನ.

ಹಾಗಿದ್ದರೂ 1990ರ ದಶಕದಲ್ಲಿ ಈ ವಿಚಾರ ಭಾರಿ ಉತ್ಸಾಹ ಹುಟ್ಟಿಸಿತು. ಅದಕ್ಕೆ ಒಂದು ಹಕ್ಕಿ ಮುಖ್ಯ ಕಾರಣ. ಚಳಿಗಾಲದಲ್ಲಿ ನಮ್ಮ ಕಡೆಗೂ ವಲಸೆ ಬಂದು ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕೂರುವ, ಕವಲೊಡೆದ ಬಾಲದ ಸ್ವಾಲೋ ಹಕ್ಕಿ ಅದು. ಡೆನ್ಮಾರ್ಕಿನ ಆಂಡರ್ಸ್ ಪೇಪೆ ಮೊಲ್ಲರ್ ಗಂಡುಹಕ್ಕಿಗಳ ಬಾಲದ ಹೊರಗರಿಗಳನ್ನು ಕತ್ತರಿಸಿ, ಅಂಟಿಸಿ, ಅವುಗಳ ಉದ್ದವನ್ನೂ ಸಮತೆಯನ್ನೂ ಬದಲಾಯಿಸಿ ನೋಡಿದರು. ಬಾಲದ ಎರಡು ಕವಲುಗಳೂ ಸಮನಾಗಿದ್ದ ಗಂಡುಗಳಿಗೆ ಬೇಗ ಜೋಡಿ ಸಿಕ್ಕಿತು ಎಂದು 1992ರಲ್ಲಿ ವರದಿ ಮಾಡಿದರು. ಅದರ ಬೆನ್ನಿಗೇ ಕೀಟಗಳ ಮೇಲೆ, ಮನುಷ್ಯರ ಮೇಲೆ ಅಧ್ಯಯನಗಳ ಸಾಲೇ ಬಂತು. ಕೆನಡಾದ ರಿಚರ್ಡ್ ಪಾಮರ್ 1999ರಲ್ಲಿ ಆ ರಾಶಿಯನ್ನು ಕೂಡಿಸಿ ನೋಡಿದಾಗ ಒಂದು ಅನುಮಾನದ ಮಾದರಿ ಕಂಡಿತು. ಕೆಲವೇ ಪ್ರಾಣಿಗಳನ್ನು ನೋಡಿದ ಅಧ್ಯಯನಗಳಲ್ಲಿ ಪರಿಣಾಮ ದೊಡ್ಡದು, ಹೆಚ್ಚು ಪ್ರಾಣಿಗಳನ್ನು ನೋಡಿದವುಗಳಲ್ಲಿ ಚಿಕ್ಕದು. ಸಣ್ಣ ಅಧ್ಯಯನದಲ್ಲಿ ಏನೂ ಸಿಗದಿದ್ದಾಗ ಅದು ಪ್ರಕಟವಾಗದೆ ಮೂಲೆ ಸೇರುತ್ತದೆ. ಆಕಸ್ಮಿಕವಾಗಿ ದೊಡ್ಡ ಫಲ ಬಂದದ್ದು ಮಾತ್ರ ಅಚ್ಚಾಗುತ್ತದೆ. ಅಂಥ ಸೋಸುವಿಕೆ ನಡೆದಿದ್ದರೆ ಕಾಣುವುದು ಇದೇ ಮಾದರಿ.

ಮನುಷ್ಯರ ಬಗ್ಗೆ ಬಂದ ಅತಿ ಪ್ರಸಿದ್ಧ ಫಲಿತಾಂಶ ಜಮೈಕಾದ್ದು. ದೇಹದ ಎಡಬಲ ಸಮನಾಗಿರುವ ಹದಿಹರೆಯದವರು ಚೆನ್ನಾಗಿ ಕುಣಿಯುತ್ತಾರೆ ಎಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ಮುಖ, ಬಟ್ಟೆ ಕಾಣದಂತೆ ಅವರ ಚಲನೆಯನ್ನಷ್ಟೇ ಕಂಪ್ಯೂಟರ್ ಚಿತ್ರವಾಗಿಸಿ ಅಂಕ ಕೊಡಿಸಿದ್ದರು. ಜಗತ್ತಿನಾದ್ಯಂತ ಸುದ್ದಿಯಾಯಿತು. ಆಮೇಲೆ ಅದರ ಲೇಖಕರಲ್ಲಿ ಒಬ್ಬರಾದ ಹೆಸರಾಂತ ವಿಕಾಸವಿಜ್ಞಾನಿ ರಾಬರ್ಟ್ ಟ್ರಿವರ್ಸ್ ಅವರೇ ಆ ದತ್ತಾಂಶಗಳನ್ನು ಮತ್ತೆ ಪರಿಶೀಲಿಸಿ, ಅವುಗಳನ್ನು ತಿದ್ದಲಾಗಿದೆ ಎಂದು ಬಹಿರಂಗವಾಗಿ ಹೇಳಿದರು. ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡದ್ದು 2013ರಲ್ಲಿ. ತಮ್ಮ ಹೆಸರಿದ್ದ ಪ್ರಬಂಧವನ್ನೇ ಕೆಡವಲು ಟ್ರಿವರ್ಸ್ ವರ್ಷಗಟ್ಟಲೆ ಪಟ್ಟು ಹಿಡಿದದ್ದು ನನಗೆ ದೊಡ್ಡ ಗೌರವ ಹುಟ್ಟಿಸುತ್ತದೆ.

ಹಾಗಾದರೆ ನೇರ ಪರೀಕ್ಷೆ ಏನು ಹೇಳುತ್ತದೆ? ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಗರ್ಭದಿಂದಲೇ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನವಿದೆ. ಮಗುವಿಗೆ ಯಾವಾಗ ಏನು ಕಾಯಿಲೆ ಬಂತು ಎಂಬುದು ಆಯಾ ವರ್ಷವೇ ದಾಖಲಾಗಿದೆ. ಆ ಮಕ್ಕಳಿಗೆ 15 ವರ್ಷವಾದಾಗ ಲೇಸರ್‌ನಿಂದ ಮುಖದ ಮೂರು ಆಯಾಮದ ಅಚ್ಚು ತೆಗೆದರು. ಹಾಗೆ ತೆಗೆದ 4,732 ಮುಖಗಳ ಎಡಬಲ ವ್ಯತ್ಯಾಸವನ್ನು ಕಾಯಿಲೆಯ ದಾಖಲೆಗಳ ಜೊತೆ ಹೋಲಿಸಿದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಬಾಲ್ಯದ ಅನಾರೋಗ್ಯಕ್ಕೂ ಮುಖದ ಅಸಮತೆಗೂ ನಂಟು ಕಾಣಲಿಲ್ಲ. ಇದು ಒಂದು ಶ್ರೀಮಂತ ದೇಶದ ಮಕ್ಕಳ ಕಥೆ. ತೀವ್ರ ಅಪೌಷ್ಟಿಕತೆ ಇರುವ ಕಡೆ ಬೇರೆ ಚಿತ್ರ ಬರಬಹುದೆಂಬ ವಾದಕ್ಕೆ ಎಡೆಯಿದೆ. ಆದರೆ ಸೌಂದರ್ಯದ ಲೇಖನಗಳು ಹೇಳುವುದು ಇಂಥ ಸಾಮಾನ್ಯ ಜನರ ಬಗ್ಗೆಯೇ.

ಸಮವಾದ ಮುಖ ನಮಗೇಕೆ ಹಿಡಿಸುತ್ತದೆ ಎಂಬ ಪ್ರಶ್ನೆಗೆ ಆರೋಗ್ಯವನ್ನು ಎಳೆದು ತರದ ಉತ್ತರವೂ ಇದೆ. ನಾವು ನೋಡಿದ ಮುಖಗಳಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಓರೆ. ಅವುಗಳ ಸರಾಸರಿ ನಡುವೆ ನಿಲ್ಲುತ್ತದೆ. ಮುಖಗಳನ್ನು ಗುರುತಿಸಲು ಕಲಿತ ಮಿದುಳಿಗೆ ಆ ನಡುವಿನ ಮುಖ ಸುಲಭವಾಗಿ ದಕ್ಕುತ್ತದೆ, ಸುಲಭವಾಗಿ ದಕ್ಕಿದ್ದು ಹಿತವೆನಿಸುತ್ತದೆ. 1994ರಲ್ಲಿ ಸರಳ ಕಂಪ್ಯೂಟರ್ ಜಾಲಗಳಿಗೆ ಆಕಾರ ಗುರುತಿಸುವುದನ್ನು ಕಲಿಸಿದ ವಿಜ್ಞಾನಿಗಳಿಗೆ, ಸಮಮಿತಿಯ ಒಲವು ತಾನಾಗಿಯೇ ಹುಟ್ಟಿದ್ದು ಕಂಡಿತ್ತು. ಅಂಗಳದ ರಂಗೋಲಿಯಲ್ಲಿ ಒಂದು ಎಸಳು ಓರೆಯಾದರೆ ನಮ್ಮ ಕಣ್ಣಿಗೆ ಚುಚ್ಚುವುದೂ ಇದೇ ಒಲವಿನಿಂದ ಇರಬಹುದು. ಅಲ್ಲಿ ಸಂಗಾತಿಯ ಆಯ್ಕೆಯ ಪ್ರಶ್ನೆಯೇ ಇಲ್ಲ.

ಮುಖ ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2018ರ ಸ್ವೀಡನ್ನಿನ ಪ್ರಯೋಗದಲ್ಲಿ ಸ್ವಯಂಸೇವಕರಿಗೆ ಸೋಂಕಿನಂಥ ಲಕ್ಷಣ ತರುವ ಚುಚ್ಚುಮದ್ದು ಕೊಟ್ಟು, ಸುಮಾರು ಎರಡು ಗಂಟೆಯಲ್ಲಿ ಚಿತ್ರ ತೆಗೆದರು. ಬಿಳಚಿದ ತುಟಿ, ಊದಿದ ಮುಖ, ಇಳಿಬಿದ್ದ ಬಾಯಿಯ ಅಂಚುಗಳಿಂದ ಅಪರಿಚಿತರೂ ಅವರನ್ನು ಬರಿಯ ಊಹೆಗಿಂತ ಚೆನ್ನಾಗಿ ಗುರುತಿಸಿದರು. ಇಂದಿನ ಜ್ವರ ಇಂದಿನ ಮುಖದಲ್ಲಿ ಕಾಣುತ್ತದೆ. ಇಡೀ ಬದುಕಿನ ಆರೋಗ್ಯದ ಮಾತು ಬೇರೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದವರ ಹದಿನೇಳನೆಯ ವಯಸ್ಸಿನ ಚಿತ್ರಗಳನ್ನು ಅವರ ಜೀವಮಾನದ ವೈದ್ಯಕೀಯ ದಾಖಲೆಗಳೊಂದಿಗೆ ಹೋಲಿಸಿದ ಅಧ್ಯಯನ 1998ರಲ್ಲಿ ಬಂತು. ಚೆಲುವು ಆಗಿನ ಆರೋಗ್ಯವನ್ನೂ ಸೂಚಿಸಲಿಲ್ಲ, ಮುಂದಿನದನ್ನೂ ಸೂಚಿಸಲಿಲ್ಲ. ಚಿತ್ರ ನೋಡಿದವರು ಮಾತ್ರ ಚೆಲುವರೇ ಆರೋಗ್ಯವಂತರೆಂದು ಅಂಕ ಕೊಟ್ಟಿದ್ದರು. ಲೆಕ್ಕದಿಂದ ಚೆಲುವಿನ ಪ್ರಭಾವವನ್ನು ಕಳೆದು ನೋಡಿದಾಗ, ಅದೇ ಜನರ ಅಂದಾಜು ನಿಜವಾದ ಆರೋಗ್ಯಕ್ಕೆ ಹೆಚ್ಚು ಹತ್ತಿರ ಬಂತು.