ಹಾಲು ಅಂದ್ರೆ ಕಾಲು ಅಂತ ಕೇಳಿಸ್ತಿದೆಯಾ?

[ಅಡುಗೆಮನೆ. ಹಿನ್ನೆಲೆಯಲ್ಲಿ ಕುಕ್ಕರ್ ಸದ್ದು.]

ನಮಸ್ಕಾರ. ಮೊದಲು ನಾಲ್ಕು ಪದ ಹೇಳ್ತೀನಿ. ಹಾಲು. ಕಾಲು. ಪಾಲು. ಸಾಲು. ಈಗ ಮೊದಲ ವ್ಯಂಜನ ಕಿತ್ತುಹಾಕಿ. ಉಳಿಯುವುದು ಬರೀ "ಆಲು", ಅಲ್ವಾ?

ನಮ್ಮ ಚಿಕ್ಕಪ್ಪನಿಗೆ ಹೆಚ್ಚುಕಮ್ಮಿ ಹಾಗೇ ಕೇಳಿಸುತ್ತದೆ. "ಎಲ್ಲರೂ ಯಾಕೆ ಗೊಣಗ್ತೀರಾ?" ಅಂತ ನಮ್ಮ ಮೇಲೇ ರೇಗುತ್ತಾರೆ. ವಯಸ್ಸು 54. ಮೂವತ್ತು ವರ್ಷದಿಂದ ದಿನಕ್ಕೊಂದು ಪ್ಯಾಕ್ ಸಿಗರೇಟು.

ಆ, ಓ ಥರದ ಸ್ವರಗಳ ಸದ್ದು ದಪ್ಪ. ಸ, ಕ, ತ ಥರದ ವ್ಯಂಜನಗಳದ್ದು ತೆಳು, ಕೀಚಲು. ಕಿವಿ ಸಾಮಾನ್ಯವಾಗಿ ಸವೆಯುವುದು ಈ ಕೀಚಲು ಸದ್ದಿನ ಕಡೆಯಿಂದ. ಹಾಗಾಗಿ ಮಾತಾಡುತ್ತಿರುವುದು ಕೇಳಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ.

[ಒಳಕಿವಿಯ ಚಿತ್ರ]

ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಭಾಗಕ್ಕೆ ಕಾಕ್ಲಿಯ ಅಂತಾರೆ. ಅದರೊಳಗೆ ಸುಮಾರು 15,000 ಕೂದಲು ಕೋಶಗಳಿವೆ. ಸದ್ದನ್ನು ಹಿಡಿಯುವುದು ಇವೇ. ಒಂದು ಸತ್ತರೆ ಅದರ ಜಾಗಕ್ಕೆ ಇನ್ನೊಂದು ಹುಟ್ಟುವುದಿಲ್ಲ. ಪಕ್ಕದಲ್ಲೇ ರಕ್ತನಾಳಗಳು ತುಂಬಿದ ಒಂದು ಪಟ್ಟಿಯಿದೆ. ಅದು ಈ ಕೋಶಗಳಿಗೆ ಬ್ಯಾಟರಿ ಇದ್ದ ಹಾಗೆ, ಸುಮಾರು 80 ಮಿಲಿವೋಲ್ಟ್ ಚಾರ್ಜ್ ಹಿಡಿದಿಟ್ಟಿರುತ್ತದೆ.

ಇಷ್ಟಕ್ಕೆಲ್ಲ ರಕ್ತ ಬರುವುದು ಒಂದೇ ಒಂದು ತೆಳು ನಾಳದಿಂದ. ಅದು ಕಟ್ಟಿಕೊಂಡರೆ ಬಳಸುದಾರಿ ಇಲ್ಲ. ಇವತ್ತಿನ ಕಥೆಯೆಲ್ಲ ಈ ನಾಳದ್ದೇ.

ಸಿಗರೇಟು ಸೇದಿದಾಗ ನಿಕೋಟಿನ್ ನಾಳಗಳನ್ನು ಬಿಗಿ ಮಾಡುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸೀಟು ಹಿಡಿದು ಕೂರುತ್ತದೆ. ಬರುವ ರಕ್ತವೂ ಕಮ್ಮಿ, ಬಂದ ರಕ್ತದಲ್ಲಿ ಆಮ್ಲಜನಕವೂ ಕಮ್ಮಿ.

ಜಪಾನಿನಲ್ಲಿ ಸುಮಾರು 50,000 ಉದ್ಯೋಗಿಗಳನ್ನು ಎಂಟು ವರ್ಷದವರೆಗೆ ಪರೀಕ್ಷೆ ಮಾಡುತ್ತಾ ಬಂದರು. 2019ರಲ್ಲಿ ವರದಿ ಬಂತು. ಸೇದುವವರಲ್ಲಿ ಕೀಚಲು ಸದ್ದು ಕೇಳಿಸದಂತಾಗುವ ಸಾಧ್ಯತೆ, ಎಂದೂ ಸೇದದವರಿಗಿಂತ ಸುಮಾರು 1.6 ಪಟ್ಟು. ದಪ್ಪ ಸದ್ದಿನಲ್ಲಿ 1.2 ಪಟ್ಟು ಅಷ್ಟೇ. ಕೆಲಸದ ಜಾಗದ ಗದ್ದಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಬಂದ ಅಂಕಿ ಇದು. ಬಿಟ್ಟವರಲ್ಲಿ ಐದು ವರ್ಷದೊಳಗೇ ಅಪಾಯ ಇಳಿದಿತ್ತು. ಗಮನಿಸಿ, ಹೋದದ್ದು ವಾಪಸ್ ಬರಲಿಲ್ಲ, ಹೊಸದಾಗಿ ಹೋಗುವುದು ಕಮ್ಮಿಯಾಯಿತು.

ಊಟ, ವ್ಯಾಯಾಮದ್ದೂ ಇದೇ ನಾಳದ ಕಥೆ. ಸಕ್ಕರೆ ಕಾಯಿಲೆ, ಬಿಪಿ, ಬೊಜ್ಜು ವರ್ಷಗಟ್ಟಲೆ ಇದ್ದರೆ ಸಣ್ಣ ನಾಳಗಳ ಗೋಡೆ ಕೆಡುತ್ತದೆ. ಕಣ್ಣು, ಕಿಡ್ನಿ ಚೆಕ್ ಮಾಡಿಸುತ್ತೇವೆ, ಕಿವಿ ಯಾರಿಗೂ ನೆನಪಾಗುವುದಿಲ್ಲ. ಅಮೆರಿಕದ 68,000ಕ್ಕೂ ಹೆಚ್ಚು ನರ್ಸ್‌ಗಳ ಅಧ್ಯಯನದಲ್ಲಿ, ವಾರಕ್ಕೆ ಎರಡು ಗಂಟೆಗಿಂತ ಜಾಸ್ತಿ ನಡೆಯುತ್ತಿದ್ದವರಿಗೆ ಕಿವಿ ಮಂದವಾಗುವ ಸಾಧ್ಯತೆ, ಒಂದು ಗಂಟೆಯೂ ನಡೆಯದವರಿಗಿಂತ ಸುಮಾರು 15% ಕಮ್ಮಿ ಇತ್ತು. ನಡೆಯುವವರು ಬೇರೆ ವಿಷಯದಲ್ಲೂ ಹುಷಾರಾಗಿರುತ್ತಾರೆ, ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ನಡಿಗೆಗೇ ಕೊಡಲು ನನಗೆ ಮನಸ್ಸಿಲ್ಲ.

ಇನ್ನು ಕುಡಿತ. ಇಲ್ಲಿ ಚಿತ್ರ ಅಷ್ಟು ನೇರವಾಗಿಲ್ಲ. ಸ್ವಲ್ಪ ಕುಡಿಯುವವರ ಮೇಲೆ ನಡೆದ ಅಧ್ಯಯನಗಳ ಫಲಿತಾಂಶ ಒಂದೊಂದು ಒಂದೊಂದು ಥರ. ವರ್ಷಗಟ್ಟಲೆ ವಿಪರೀತ ಕುಡಿದರೆ ಮಾತ್ರ ಕಿವಿಯ ಜೊತೆಗೆ, ಕೇಳಿದ್ದನ್ನು ಬಿಡಿಸಿ ಅರ್ಥಮಾಡಿಕೊಳ್ಳುವ ಮೆದುಳಿಗೂ ಏಟು. ಇನ್ನೊಂದು ವಿಷಯ: ಜೋರು ಸದ್ದು ಬಂದಾಗ ನಡುಕಿವಿಯ ಸಣ್ಣ ಸ್ನಾಯುವೊಂದು ಬಿಗಿಯಾಗಿ ಸದ್ದನ್ನು ತುಸು ತಡೆಯುತ್ತದೆ. ಕುಡಿದಾಗ ಆ ಸ್ನಾಯು ಮಂಕಾಗುತ್ತದೆ. ಡಿಜೆ ಸ್ಪೀಕರ್ ಪಕ್ಕ ಗ್ಲಾಸ್ ಹಿಡಿದು ಕುಣಿಯುವವರು ಇದನ್ನು ಕೇಳಿಸಿಕೊಂಡಿದ್ದೀರಾ?

[ಆಡಿಯೋಗ್ರಾಮ್ ಹಾಳೆ ತೆರೆಯ ಮೇಲೆ]

ಇದು ಚಿಕ್ಕಪ್ಪನ ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ನಕ್ಷೆ. ಹರ್ಟ್ಜ್ ಜಾಸ್ತಿಯಾದಷ್ಟೂ ಸದ್ದು ಕೀಚಲು. ಕೇಳಿಸಬೇಕಾದರೆ ಸದ್ದು ಎಷ್ಟು ಜೋರಿರಬೇಕು ಅನ್ನುವುದು ಡೆಸಿಬೆಲ್. ಗೆರೆ ಕೆಳಗಿಳಿದಷ್ಟೂ ಕೇಳಿಸುವುದು ಕಮ್ಮಿ. 500 ಹರ್ಟ್ಜ್‌ನಲ್ಲಿ 15 ಡೆಸಿಬೆಲ್, ಅಂದರೆ ಮಾಮೂಲಿ. 2000ದಲ್ಲಿ 30. 4000ದಲ್ಲಿ 55. 8000ದಲ್ಲಿ 60. ಜಾರುಬಂಡಿ ಥರ ಇಳಿದಿದೆ. ಬರೀ ಮಷೀನಿನ ಗದ್ದಲದಿಂದ ಕೆಟ್ಟಿದ್ದರೆ ಸಾಮಾನ್ಯವಾಗಿ 4000ದ ಹತ್ತಿರ ಗುಂಡಿ ಬಿದ್ದು, 8000ದಲ್ಲಿ ಗೆರೆ ಸ್ವಲ್ಪ ಮೇಲೇಳುತ್ತದೆ. ಇಲ್ಲಿ ಎದ್ದಿಲ್ಲ. ಹಾಗಂತ ಇದು ಸಿಗರೇಟಿನದೇ ಕೆಲಸ ಅಂತ ಈ ಹಾಳೆ ನೋಡಿ ಯಾರೂ ಹೇಳಲಾರರು. ವಯಸ್ಸೂ ಗೆರೆಯನ್ನು ಹೀಗೇ ಇಳಿಸುತ್ತದೆ. 54ಕ್ಕೇ ಇಷ್ಟು ಇಳಿದದ್ದಕ್ಕೆ, ಕಿವಿ ಪರೀಕ್ಷೆ ಮಾಡಿದ ಆಡಿಯಾಲಜಿಸ್ಟ್ ಕೇಳಿದ ಮೊದಲ ಪ್ರಶ್ನೆ, "ಸಿಗರೇಟು ಎಷ್ಟು ವರ್ಷದಿಂದ?"

ಮೇಲೆ ಹೇಳಿದ್ದೆಲ್ಲ ನಿಧಾನಕ್ಕೆ, ಎರಡೂ ಕಿವಿಯಲ್ಲಿ ಆಗುವಂಥದ್ದು. ಒಂದೇ ಕಿವಿ ಒಂದೆರಡು ದಿನದಲ್ಲಿ ಧಿಡೀರ್ ಅಂತ ಮುಚ್ಚಿಕೊಂಡರೆ ಅದು ಬೇರೆಯೇ. ಗುಗ್ಗೆ ಇರಬಹುದು ಅಂತ ಎಣ್ಣೆ ಬಿಟ್ಟುಕೊಂಡು ವಾರಗಟ್ಟಲೆ ಕಾಯಬೇಡಿ. ಅವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಔಷಧಿ ತಡವಾದಷ್ಟೂ ಕೆಲಸ ಮಾಡುವ ಸಾಧ್ಯತೆ ಕಮ್ಮಿ.